ಕಾರ್ಡ್ ಅಲ್ಲ, ರೈಸರ್ ಕೇಬಲ್ ನೋಡಿ

"ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗ್ತದೆ. ಗ್ರಾಫಿಕ್ಸ್ ಕಾರ್ಡ್ ಹೋಯ್ತಾ, ಅದನ್ನು ಬೋರ್ಡಿಗೆ ಜೋಡಿಸುವ ರೈಸರ್ ಕೇಬಲ್ಲಾ?"

ಕಾರ್ಡ್ ಮಾರಬೇಡಿ ಮಾರಾಯ್ರೇ, ಮೊದಲು ಬಯಾಸ್‌ಗೆ ಹೋಗಿ ಕಾರ್ಡಿನ ಪಿಸಿಐಇ ಸ್ಲಾಟಿನ ವೇಗವನ್ನು `Auto` ಬದಲು `Gen3` ಮಾಡಿ. ಕ್ರ್ಯಾಶ್ ನಿಂತರೆ ಕೇಬಲ್ ಮೇಲೆಯೇ ಅನುಮಾನ. ಖಚಿತವಾಗಲು ಕಾರ್ಡನ್ನು ನೇರವಾಗಿ ಬೋರ್ಡಿಗೆ ಹಾಕಿ, `Auto`ದಲ್ಲೇ ಆಡಿ ನೋಡಿ.

ಉಡುಪಿಯ ನಮ್ಮ ಮನೆಯಲ್ಲೂ ಇದೇ ಕತೆ. ಅಗ್ಗದ ಕೇಬಲ್, ಜೆನ್ 4 ಕಾರ್ಡ್. ವಿಂಡೋಸಿನ `Event Viewer` ತೆರೆದರೆ ಹಾರ್ಡ್‌ವೇರ್ ತಪ್ಪು ತಿಳಿಸುವ `WHEA-Logger` ಎಚ್ಚರಿಕೆಗಳು ಸಾಲುಸಾಲು. `Gen3` ಮಾಡಿದ ಮೇಲೆ ಒಂದೂ ಇಲ್ಲ. ಸುಮ್ನೆ ಎರಡು ವಾರ ಡ್ರೈವರ್ ಬದಲಿಸುತ್ತಾ ಕೂತಿದ್ದೆ!

ಜೆನ್ 3ರಲ್ಲಿ ಒಂದು ಲೇನ್ ಸೆಕೆಂಡಿಗೆ 800 ಕೋಟಿ ಬಿಟ್ ಸಾಗಿಸುತ್ತದೆ, ಜೆನ್ 4ರಲ್ಲಿ ಅದರ ಎರಡು ಪಟ್ಟು. ವೇಗ ಜಾಸ್ತಿಯಾದಷ್ಟೂ ತಂತಿಯಲ್ಲಿ ಸಿಗ್ನಲ್ ಬೇಗ ಸೊರಗುತ್ತದೆ, ಪಕ್ಕದ ತಂತಿಯ ಗದ್ದಲವೂ ಸೇರುತ್ತದೆ. ಸಣ್ಣ ತಪ್ಪಾದರೆ ಡೇಟಾವನ್ನು ಮತ್ತೆ ಕಳಿಸಿ ಸರಿಮಾಡಿಕೊಳ್ಳುತ್ತದೆ. ತಪ್ಪು ಮಿತಿ ಮೀರಿದರೆ ಕಾರ್ಡಿನ ಸಂಪರ್ಕವೇ ತಪ್ಪಿ ಸ್ಕ್ರೀನ್ ಕಪ್ಪು.

ಕೊಳ್ಳುವಾಗ ಚಪ್ಪಟೆ ಬೋಳು ರಿಬ್ಬನ್ ಬೇಡ. ಸಿಗ್ನಲ್ ತಂತಿಗಳಿಗೆ ಲೋಹದ ಹೊದಿಕೆ ಇರಬೇಕು, ಜೆನ್ 4 ಎಂದು ಸ್ಪಷ್ಟವಾಗಿ ಬರೆದಿರಬೇಕು. ಕೇಸಿಗೆ 20 ಸೆಂಟಿಮೀಟರ್ ಸಾಕಾದರೆ 30ರದ್ದು ಯಾಕೆ? ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ, ಚಿನ್ನದ ಬಣ್ಣ ನೋಡಿ ಮರುಳಾಗಬೇಡಿ. ಅಲ್ಲಿವರೆಗೆ `Gen3`ರಲ್ಲೇ ಆಡಿ, ಹೆಚ್ಚಿನ ಗೇಮ್‌ಗಳಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.