ಸೆಕ್ಷನ್ 24 ಅಷ್ಟಕ್ಕೇ ಮುಗಿಯುವುದಿಲ್ಲ

"ಭ್ರಷ್ಟಾಚಾರದ ದೂರಿನ ಬಗ್ಗೆ ಸಿಬಿಐಗೆ ಆರ್‌ಟಿಐ ಹಾಕಿದ್ದೆ. ಸೆಕ್ಷನ್ 24 ಹೇಳಿ ತಿರಸ್ಕರಿಸಿದ್ದಾರೆ. ಆ ಸೆಕ್ಷನ್ ಓದಿದೆ, ಇಂಥ ಸಂಸ್ಥೆಗಳಿಗೆ ಆರ್‌ಟಿಐ ಕಾಯ್ದೆ ಅನ್ವಯಿಸುವುದಿಲ್ಲ ಎಂದೇ ಇದೆ. ಮುಂದೇನು?"

ನೀವು ಮೊದಲ ವಾಕ್ಯಕ್ಕೇ ನಿಲ್ಲಿಸಿದ್ದೀರಿ ಅನಿಸುತ್ತದೆ. ಆ ವಾಕ್ಯ ಎರಡನೇ ಅನುಸೂಚಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಮೊದಲು ಅದನ್ನು ತೆರೆದು ಹೆಸರು ನೋಡಿ. ಸಿಬಿಐ ಸೇರಿದ್ದು 2011ರಲ್ಲಿ, ಹಾಗಾಗಿ ಹಳೆಯ ಪ್ರತಿ ಬೇಡ.

ಆಮೇಲೆ ಉಪಸೆಕ್ಷನ್ 1ಕ್ಕೆ ವಾಪಸ್ ಬಂದು "ಪರಂತು" ಎಂದು ಶುರುವಾಗುವ ಭಾಗ ಓದಿ. ಭ್ರಷ್ಟಾಚಾರದ ಆರೋಪ ಮತ್ತು ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಗೆ ಈ ವಿನಾಯಿತಿ ಇಲ್ಲ. ಅದರ ಕೆಳಗೆ ಇನ್ನೊಂದು ಪರಂತು ಇದೆ. ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆ, 45 ದಿನ ಎಂಬುದೆಲ್ಲ ಮಾನವ ಹಕ್ಕಿನ ಮಾಹಿತಿಗೆ ಮಾತ್ರ, ನಿಮಗಲ್ಲ.

ನೀವು ಕೇಳಿದ ಕಾಗದ "ಆರೋಪಕ್ಕೆ ಸಂಬಂಧಿಸಿದ್ದು" ಹೌದೋ ಅಲ್ಲವೋ ಎಂಬುದು ಅರ್ಜಿ ನೋಡದೆ ಹೇಳಲಾರೆ. ಮಾಹಿತಿ ನಿರಾಕರಿಸಲು ಸೆಕ್ಷನ್ 8ರ ಕಾರಣವನ್ನೂ ಅವರು ಮುಂದಿಡಬಹುದು. ಆದೇಶ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಆ ಪರಂತುವನ್ನು ಪೂರ್ತಿ ಬರೆದು ತೋರಿಸಿ.