ಕಮೋಡ್ ಸೀಟ್ ಬದಲಿಸಲು ಯಾವ ಅಳತೆ ಬೇಕು?

ಕಮೋಡ್ ಸೀಟ್ ಮುರಿದಿದೆ. ಹೊಸದಕ್ಕೆ ಏನೇನು ಅಳೆಯಬೇಕು? ಸಾಫ್ಟ್ ಕ್ಲೋಸ್ ತಗೊಳ್ಳಬಹುದಾ?

ಹಳೇ ಸೀಟನ್ನಲ್ಲ, ಕಮೋಡನ್ನೇ ಅಳೆಯಿರಿ. ಹಿಂದಿರುವ ಎರಡು ಬೋಲ್ಟ್ ತೂತುಗಳ ಅಂತರವನ್ನು ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ನೋಡಿ. ಆಮೇಲೆ ತೂತುಗಳ ಸಾಲಿನಿಂದ ಮುಂದಿನ ಅಂಚಿನವರೆಗೆ ಉದ್ದ, ಜಾಸ್ತಿ ಅಗಲ ಇರುವ ಕಡೆ ಅಗಲ. ಉದಾಹರಣೆಗೆ ಅಂತರ 155 ಮಿ.ಮೀ., ಉದ್ದ 430, ಅಗಲ 360 ಬಂದರೆ ಅದಕ್ಕೆ ಹೊಂದುವ ಸೀಟ್ ಕೇಳಿ. ಅಂತರ ಸ್ವಲ್ಪ ಆಚೀಚೆ ಆದರೆ ಹೆಚ್ಚಿನ ಹಿಂಜ್‌ಗಳನ್ನು ಸರಿಸಿ ಹೊಂದಿಸಬಹುದು. ಆಕಾರ ಮಾತ್ರ ಹೊಂದಲೇಬೇಕು. ಮೊಟ್ಟೆಯಾಕಾರದ ಕಮೋಡ್ ಮೇಲೆ ಡಿ ಆಕಾರದ ಸೀಟ್ ಹಾಕಿದರೆ ಮೂಲೆಗಳು ಹೊರಚಾಚುತ್ತವೆ. ಕೂತಾಗ ಅಲ್ಲಾಡಿ ಹಿಂಜ್ ಸಡಿಲವಾಗುತ್ತದೆ.

ಸಾಫ್ಟ್ ಕ್ಲೋಸ್ ಖಂಡಿತ ತಗೊಳ್ಳಿ. ಆದರೆ ಮುಚ್ಚಳವನ್ನು ಕೈಯಿಂದ ಒತ್ತಿ ಮುಚ್ಚಬೇಡಿ, ಅದನ್ನು ನಿಧಾನಕ್ಕೆ ಇಳಿಸುವ, ಹಿಂಜ್ ಒಳಗಿನ ಡ್ಯಾಂಪರ್ ಹಾಳಾಗುತ್ತದೆ. ಕಮೋಡ್ ಅಡಿಗೆ ಕೈ ಹೋಗದಿದ್ದರೆ ಮೇಲಿನಿಂದಲೇ ಬಿಗಿಯುವ ಬೋಲ್ಟ್ ಇರುವ ಸೀಟ್ ಕೇಳಿ.