ಚೌಕಟ್ಟಿನ ಅಂಚಿನಲ್ಲಿ ಉಳಿದ ಬಣ್ಣ

ಮಾನ್ಯ ಸಂಪಾದಕರೇ,
ನನ್ನ ‘ಟ್ರಂಕು’ ಕಥೆ ಎರಡನೆಯ ಸಲವೂ ಮರಳಿ ಬಂದಿದೆ. ಬಸವನಗುಡಿಯ ಹಳೆಯ ಮನೆಯನ್ನು ಕೆಡವುವ ಮುನ್ನ ಮೊಮ್ಮಗಳು ಅಟ್ಟ ಹತ್ತುತ್ತಾಳೆ. ಅಜ್ಜಿಯ ಟ್ರಂಕಿನಲ್ಲಿ ಮಾಸಿದ ಫೋಟೋ ಸಿಕ್ಕಿ, ಬಚ್ಚಿಟ್ಟ ಪ್ರೇಮವೊಂದು ಹೊರಬೀಳುತ್ತದೆ. ಓದಿದವರೆಲ್ಲ ಕಣ್ಣೀರಿಟ್ಟರು. ಇಂಥ ಕಥೆಗಳು ಬಹಳ ಬಂದಿವೆ ಎಂಬುದೇ ನಿಮ್ಮ ಕಾರಣವೇ?
— ಒಬ್ಬ ಓದುಗ, ಬೆಂಗಳೂರು

ಆತ್ಮೀಯರೇ,

ಆ ಕಾರಣಕ್ಕೆ ನಾನು ಯಾವ ಕಥೆಯನ್ನೂ ಮರಳಿಸುವುದಿಲ್ಲ. ಟ್ರಂಕು, ಅಟ್ಟ, ಫೋಟೋ ಎಲ್ಲರ ಮನೆಯಲ್ಲೂ ಇರುವಂಥವು. ಹಾಗಾಗಿ ಎಲ್ಲರೂ ಬರೆಯುತ್ತಾರೆ. ನಿಮ್ಮ ಹಸ್ತಪ್ರತಿಯನ್ನು ನಾನು ಮೂರು ಬಾರಿ ಓದಿದ್ದೇನೆ. ಮೂರನೆಯ ಬಾರಿ ಓದಿದ್ದು ನಾಲ್ಕನೆಯ ಪುಟದ ಒಂದು ವಾಕ್ಯಕ್ಕಾಗಿ: “ಕೈಯಿಂದ ಬಣ್ಣ ಹಚ್ಚಿದ ಫೋಟೋ ಪೂರ್ತಿ ಮಾಸಿತ್ತು, ಅಂಚಿನಲ್ಲಿ ಬೆರಳಗಲ ಮಾತ್ರ ಅಜ್ಜಿಯ ಸೀರೆಯ ಹಸಿರು ಹಾಗೇ ಉಳಿದಿತ್ತು.” ಬಹುಶಃ ನಿಮ್ಮ ಮನೆಯಲ್ಲಿ ಇಂಥ ಫೋಟೋ ಒಂದನ್ನು ನೀವು ನೋಡಿದ್ದೀರಿ. ಕಂಡದ್ದನ್ನು ಕಂಡಂತೆ ಬರೆದು, ಅದು ಏನು ಹೇಳುತ್ತಿದೆ ಎಂದು ಕೇಳದೆ ಮುಂದೆ ಹೋಗಿಬಿಟ್ಟಿರಿ. ನಿಮ್ಮ ಕಥೆ ಆ ಬೆರಳಗಲದಲ್ಲಿದೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಣ್ಣದ ಫಿಲಂ ಸಾಮಾನ್ಯವಾಗುವ ಮೊದಲು ಸ್ಟುಡಿಯೋಗಳಲ್ಲಿ ಕಪ್ಪುಬಿಳುಪು ಚಿತ್ರದ ಮೇಲೆ ಕುಂಚದಿಂದ ತೆಳುವಾಗಿ ಬಣ್ಣ ಹಚ್ಚುತ್ತಿದ್ದರು. ಸೀರೆಗೆ, ತುಟಿಗೆ, ಒಡವೆಗೆ ಹಚ್ಚಿದ ಆ ಬಣ್ಣಗಳಲ್ಲಿ ಹೆಚ್ಚಿನವು ಬೆಳಕಿಗೆ ಮಾಸುವಂಥವು. ಟ್ರಂಕಿನೊಳಗೆ ಬೆಳಕೆಲ್ಲಿದೆ? ತೇವ ಸೇರಿದರೆ ಫೋಟೋ ಕಲೆಯಾಗಬಹುದು, ತುಕ್ಕಿನ ಗುರುತು ಬೀಳಬಹುದು, ಹುಳು ತಿನ್ನಬಹುದು. ನಡುಭಾಗವೆಲ್ಲ ಒಂದೇ ಸಮನೆ ಬಿಳಿಚಿ, ಸುತ್ತಲೂ ನೇರ ಗೆರೆ ಎಳೆದಂತೆ ಒಂದು ಪಟ್ಟಿ ಮಾತ್ರ ಬಣ್ಣ ಉಳಿಸಿಕೊಳ್ಳಬೇಕಾದರೆ, ಆ ಪಟ್ಟಿಯ ಮೇಲೆ ಮರದ ಚೌಕಟ್ಟು ಕೂತಿರಬೇಕು. ಅಂದರೆ ಈ ಫೋಟೋ ಬೆಳಕು ಬೀಳುವ ಗೋಡೆಯ ಮೇಲೆ ವರ್ಷಗಟ್ಟಲೆ ತೂಗಿದೆ. ಆಮೇಲೆ ಯಾರೋ ಅದನ್ನು ಇಳಿಸಿ, ಚೌಕಟ್ಟು ಬಿಚ್ಚಿ, ಟ್ರಂಕಿನ ತಳಕ್ಕೆ ಹಾಕಿದ್ದಾರೆ.

ಈಗ ನಿಮ್ಮ ಕಥೆಯನ್ನು ನೋಡಿ. ನಡುಮನೆಯ ಗೋಡೆಯ ಮೇಲಿದ್ದ ಚಿತ್ರದಲ್ಲಿರುವ ಯುವಕ ಆ ಮನೆಗೆ ಅಪರಿಚಿತನಾಗಿರಲು ಸಾಧ್ಯವೇ? ಅವನನ್ನು ಎಲ್ಲರೂ ದಿನವೂ ನೋಡಿದ್ದಾರೆ, ಬಂದ ನೆಂಟರಿಗೆ ಪರಿಚಯಿಸಿದ್ದಾರೆ. 1942ರಲ್ಲಿ ಬಸವನಗುಡಿಯ ಮದುವೆಯಾಗದ ಹುಡುಗಿ ಪರಪುರುಷನ ಪಕ್ಕ ಒಬ್ಬಳೇ ನಿಂತ ಚಿತ್ರವನ್ನು ಮನೆಯವರು ತೂಗುಹಾಕುತ್ತಿರಲಿಲ್ಲ. ಹಾಗಾಗಿ ಅವರಿಬ್ಬರ ನಡುವೆ ಕುರ್ಚಿಯ ಮೇಲೆ ಇನ್ನೊಬ್ಬರು ಕೂತಿರಬೇಕು. ಅಜ್ಜಿಯ ಅಕ್ಕ ಎಂದುಕೊಳ್ಳೋಣ. ಯುವಕ ಅಕ್ಕನ ಗಂಡ, ಅಜ್ಜಿಗೆ ಭಾವ. ನಿಮಗೆ ಬೇರೆ ಸಂಬಂಧ ಹೊಳೆಯಬಹುದು, ಆದರೆ ಆ ಮೂರನೆಯ ವ್ಯಕ್ತಿಯನ್ನು ಬಿಡಬೇಡಿ.

ಫೋಟೋದ ಹಿಂಬದಿಯ “ಎಂದಿಗೂ ನಿನ್ನವನೇ” ಎಂಬ ಬರಹ ನನಗೆ ಮೊದಲು ಸಿನಿಮೀಯ ಅನ್ನಿಸಿತ್ತು. ಚೌಕಟ್ಟಿನ ಬಗ್ಗೆ ಯೋಚಿಸಿದ ಮೇಲೆ ಅದು ಇರಲೇಬೇಕು ಅನ್ನಿಸುತ್ತಿದೆ. ಚೌಕಟ್ಟು ಹಾಕುವಾಗ ಹಿಂದೆ ರಟ್ಟು ಕೂರಿಸಿ ಸಣ್ಣ ಮೊಳೆ ಹೊಡೆಯುತ್ತಾರೆ. ಮುಂಬದಿ ಇಡೀ ಮನೆಗೆ, ಹಿಂಬದಿ ರಟ್ಟಿಗೆ ಮಾತ್ರ. ಆ ಎರಡು ಪದಗಳು ಎಲ್ಲರ ಕಣ್ಣೆದುರೇ ವರ್ಷಗಟ್ಟಲೆ ಗೋಡೆಗೆ ಮುಖಮಾಡಿ ಕೂತಿದ್ದವು. ಒಂದು ದಿನ ಗಾಜು ಒಡೆಯುತ್ತದೆ. ಹೊಸ ಗಾಜು ಹಾಕಿಸಲು ಯಾರೋ ರಟ್ಟು ಬಿಚ್ಚುತ್ತಾರೆ. ಬಿಚ್ಚಿದವರು ಯಾರು? ಅಕ್ಕನೇ? ನಿಮ್ಮ ಹದಿನಾಲ್ಕು ಪುಟಗಳಲ್ಲಿ ಇಲ್ಲದ ನಡುಕ ಈ ಪ್ರಶ್ನೆಯಲ್ಲಿದೆ.

ಇದು ಯಾವಾಗ ನಡೆಯಿತೆಂದು ಓದುಗನಿಗೆ ತಿಳಿಸಲು ಟ್ರಂಕೇ ಸಾಕು. ನಮ್ಮ ಮನೆಗಳಲ್ಲಿ ಟ್ರಂಕಿನ ತಳಕ್ಕೆ ಹಳೆಯ ಪತ್ರಿಕೆ ಹಾಸಿ, ಮೇಲೆ ಸೀರೆ ಜೋಡಿಸಿ, ನುಸಿಗುಳಿಗೆ ಹಾಕುತ್ತಿದ್ದರು. ನೀವೂ “ಹಳದಿಯಾದ ಪ್ರಜಾವಾಣಿ” ಎಂದು ಬರೆದಿದ್ದೀರಿ. ಪ್ರಜಾವಾಣಿ ಶುರುವಾದದ್ದು 1948ರಲ್ಲಿ. ಹಾಗಾದರೆ ಆ ಹಾಸು ಹಾಕಿದ್ದು ಫೋಟೋ ತೆಗೆಸಿ ಆರು ವರ್ಷವಾದರೂ ಕಳೆದ ಮೇಲೆ. ಫೋಟೋ ಆ ಹಾಸಿನ ಮೇಲಿದ್ದರೆ, ಅದು ಟ್ರಂಕು ಸೇರಿದ್ದೂ ಆಮೇಲೆಯೇ. ಮೊಮ್ಮಗಳು ಪತ್ರಿಕೆಯ ತಾರೀಖಿನತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಲೆಕ್ಕವನ್ನು ಓದುಗ ಮಾಡಿಕೊಳ್ಳುತ್ತಾನೆ.

ವಸ್ತುಗಳನ್ನೇ ಸಾಕ್ಷಿಗೆ ಕರೆದ ಮೇಲೆ ಅವು ಸುಳ್ಳು ಹೇಳಬಾರದು. ನಿಮ್ಮ ಕಥೆಯಲ್ಲಿ 1942ರ ಬರಹ ಬಾಲ್‌ಪೆನ್ನಿನದು. ಬಾಲ್‌ಪೆನ್ನು ಅಮೆರಿಕದ ಅಂಗಡಿಗಳಿಗೇ ಬಂದದ್ದು 1945ರಲ್ಲಿ, ಹಾಗಾಗಿ ಶಾಯಿ ಪೆನ್ನು ಎಂದು ತಿದ್ದಿ. ಫೋಟೋ ತೆಗೆಸಿದ್ದು “ಎಂ.ಜಿ. ರಸ್ತೆಯ ಸ್ಟುಡಿಯೋದಲ್ಲಿ” ಎಂದಿದೆ. ಆಗ ಆ ರಸ್ತೆಯ ಹೆಸರು ಸೌತ್ ಪರೇಡ್. ಮಹಾತ್ಮ ಗಾಂಧಿಯವರ ಹೆಸರು ಬಂದದ್ದು 1948ರಲ್ಲಿ. ಅದಕ್ಕಿಂತ ಮುಖ್ಯವಾಗಿ, ಬಸವನಗುಡಿ ಮಹಾರಾಜರ ಆಡಳಿತದಲ್ಲಿತ್ತು, ಸೌತ್ ಪರೇಡ್ ಇದ್ದ ದಂಡು 1947ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಫೋಟೋಗಾಗಿ ಈ ಮೂವರು ತಮ್ಮ ಊರಿನಲ್ಲೇ ಇನ್ನೊಂದು ಊರಿಗೆ ಹೋಗಿದ್ದಾರೆ. ಅಲ್ಲಿಗೆ ಹೋಗೋಣ ಎಂದು ಹಟ ಹಿಡಿದವರು ಯಾರಿರಬಹುದು? ಒಂದು ಸಾಲು ಬರೆಯಿರಿ.

ಈ ತೊಡಕೇ ಬೇಡವೆಂದು ಕಾಲವನ್ನು 1975ಕ್ಕೆ ಸರಿಸಬೇಡಿ. ಆ ಕಾಲದ ಬಣ್ಣದ ಫೋಟೋಗಳು ಕತ್ತಲೆಯಲ್ಲಿಟ್ಟರೂ ಮಾಸುತ್ತವೆ. ಅವುಗಳಲ್ಲಿ ಬಹಳಷ್ಟರಲ್ಲಿ ನೀಲಿ ಛಾಯೆ ಮೊದಲು ಹೋಗಿ, ಅಂಚು ನಡುವೆನ್ನದೆ ಇಡೀ ಚಿತ್ರ ಕೆಂಪಾಗುತ್ತದೆ. ಆಗ ನಿಮ್ಮ ಹಸಿರು ಪಟ್ಟಿಗೆ ಬೆಲೆಯಿರದು.

ಇನ್ನು ಮುಖಗಳ ವಿಷಯ. ಮೂರನೆಯ ಪುಟದಲ್ಲಿ “ಮುಖ ಗುರುತೇ ಸಿಗದಷ್ಟು ಮಾಸಿತ್ತು” ಎನ್ನುತ್ತೀರಿ, ಐದರಲ್ಲಿ “ಅಜ್ಜಿಯ ಕಣ್ಣುಗಳಲ್ಲಿ ಹೇಳಲಾಗದ ನೋವು” ಕಾಣುತ್ತದೆ. ಆ ನೋವನ್ನು ಕಂಡವರು ನೀವು, ಮೊಮ್ಮಗಳಲ್ಲ. ಅವಳಿಗೆ ಕಾಣುವುದು ಕುರ್ಚಿಯ ಬೆನ್ನನ್ನು ಹಿಡಿದ ಎರಡು ಕೈಗಳು, ಅವುಗಳ ನಡುವಿನ ಅಂತರ. ಅಷ್ಟನ್ನೇ ಕೊಡಿ.

ಕೊನೆಯಲ್ಲಿ ಟ್ರಂಕಿನಿಂದ ಅಜ್ಜಿಯ ಮೂರು ಪುಟದ ಪತ್ರವೂ ಸಿಕ್ಕಿ ಎಲ್ಲವನ್ನೂ ವಿವರಿಸುತ್ತದೆ. ಅದನ್ನು ಪೂರ್ತಿ ತೆಗೆಯಿರಿ ಎಂದು ಕೈಮುಗಿದು ಕೇಳುತ್ತೇನೆ. ಅದರ ಜಾಗಕ್ಕೆ ತಾಯಿಯನ್ನು ಅಟ್ಟದ ಏಣಿಯ ಬುಡಕ್ಕೆ ಕರೆತನ್ನಿ. ನಿಮ್ಮ ಕಥೆಯಲ್ಲಿ ಅವಳು ಅಡುಗೆಮನೆಯಿಂದ ಈಚೆ ಬರುವುದೇ ಇಲ್ಲ. ಮಗಳು ಮೇಲಿನಿಂದ ಫೋಟೋ ಚಾಚುತ್ತಾಳೆ. ಮೊದಲ ಸಲ ನೋಡುವವರು ಮುಖಗಳನ್ನು ನೋಡುತ್ತಾರೆ. ತಾಯಿ ಮುಂಬದಿಯನ್ನು ನೋಡದೆ ನೇರ ಹಿಂದೆ ತಿರುಗಿಸುತ್ತಾಳೆ. “ಇದು ಇಲ್ಲಿತ್ತೇ?” ಎನ್ನುತ್ತಾಳೆ, ಅಷ್ಟೇ. ಅವಳಿಗೆ ಎಷ್ಟು ಗೊತ್ತು, ಯಾರಿಂದ ಗೊತ್ತು ಎಂಬುದನ್ನು ಮಗಳು ಕೇಳಬೇಕಾಗಿಲ್ಲ.

ಆಮೇಲೆ ನಡುಮನೆ. ವರ್ಷವರ್ಷವೂ ಸುಣ್ಣ ಬಳಿದ ಗೋಡೆಯಲ್ಲಿ ಚೌಕಟ್ಟಿನ ಗುರುತು ಉಳಿಯುವುದಿಲ್ಲ, ಮೊಳೆ ಉಳಿಯುತ್ತದೆ. ಆ ಮೊಳೆಗೆ ಈಗ ದೇವರ ಕ್ಯಾಲೆಂಡರ್ ತೂಗುತ್ತಿರಲಿ. ಮನೆ ಕೆಡವಲು ಬಂದವರು ಕ್ಯಾಲೆಂಡರನ್ನು ತೆಗೆದು ತಾಯಿಯ ಕೈಗೆ ಕೊಡುತ್ತಾರೆ.

ಅಲ್ಲಿಗೆ ಹದಿನಾಲ್ಕು ಪುಟ ಎಂಟಾಗಬಹುದು. ಆ ಎಂಟನ್ನು ನನ್ನ ಹೆಸರಿಗೇ ಕಳುಹಿಸಿ.

— ಸಂಪಾದಕ